ಕುರ್ಚಿಯಲ್ಲಿ ಕೂತ ಮಗಳು

ಆಳಂದದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಜನ ವಿಡಿಯೋ ಹಾಕುವ ಒಂದು ಆ್ಯಪ್‌ನವರು ಗುತ್ತಿಗೆ ಕೊಟ್ಟ ಕೆಲಸ. ಕನ್ನಡದ ವಿಡಿಯೋಗಳನ್ನು ನೋಡಿ, ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಹೇಳುವವರು ನಾವು. ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಸಾಕಾಗಿ ಇಲ್ಲಿಗೆ ಬಂದೆ. ಮಕ್ಕಳ ಗಲಾಟೆಯೇ ವಾಸಿಯಿತ್ತು ಎಂದು ಮೊದಲ ವಾರವೇ ಗೊತ್ತಾಯಿತು.

ಮೊದಲು ತೀರ್ಪು ಹೇಳುವುದು ಯಂತ್ರ. ವಿಡಿಯೋದ ಪಕ್ಕದಲ್ಲಿ ಮೂರು ಸಾಲು ಮೂಡುತ್ತವೆ: ಯಾವ ವರ್ಗದ ತಪ್ಪು, ಎಷ್ಟು ತೀವ್ರ, ಏನು ಕ್ರಮ. ನಾವು ನೋಡಿ ಒಪ್ಪಬೇಕು, ಇಲ್ಲವೆ ಬದಲಿಸಿ ಕಾರಣ ಬರೆಯಬೇಕು. ಬದಲಿಸಿದ್ದನ್ನು ಬೇರೆ ಊರಿನಲ್ಲಿ ಕೂತ ತಪಾಸಣೆಯವರು ಮತ್ತೆ ನೋಡುತ್ತಾರೆ. ಅವರ ಮಾತೇ ಕೊನೆ. ಫೋನು, ಪೆನ್ನು, ಚೀಲ ಎಲ್ಲ ಬಾಗಿಲ ಹೊರಗಿನ ಕಪಾಟಿನಲ್ಲಿ. ಒಳಗೆ ಕಂಡದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಎಲ್ಲರೂ ಸಹಿ ಮಾಡಿದ್ದೇವೆ. ಬಾಯಿಗೆ ಬೀಗ ಹಾಕಿಕೊಂಡು ಕಣ್ಣು ತೆರೆದಿಡುವ ಕೆಲಸ ಇದು.

ಆ ದಿನ ಊಟ ಮುಗಿಸಿ ಕೂತ ಕೂಡಲೇ ಆ ವಿಡಿಯೋ ಬಂತು. ಯಂತ್ರದ ತೀರ್ಪು: ವರ್ಗ, ಹಿಂಸೆಯ ಭೀಕರ ದೃಶ್ಯ. ತೀವ್ರತೆ, ಹೆಚ್ಚು. ಕ್ರಮ, ತೆಗೆದುಹಾಕಿ, ಖಾತೆಗೆ ಎಚ್ಚರಿಕೆ ಕೊಡಿ. ಹಾಕಿ ಹೆಚ್ಚು ಹೊತ್ತಾಗಿರಲಿಲ್ಲ, ಆಗಲೇ ರಾಶಿ ದೂರುಗಳು ಬಿದ್ದಿದ್ದವು. ದೂರು ಕೊಟ್ಟವರು ಯಾರೆಂದು ನಮಗೆ ತೋರಿಸುವುದಿಲ್ಲ. ಆದರೆ ಎಲ್ಲವೂ ಒಟ್ಟೊಟ್ಟಿಗೆ ಬಂದಿದ್ದವು, ಮಾತು ಕೂಡ ಒಂದೇ, ಯಾರೋ ಹೇಳಿ ಹಾಕಿಸಿದಂತೆ.

ಮನೆಯ ಪಡಸಾಲೆ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಎಳೆ ವಯಸ್ಸಿನ ಹೆಂಗಸಿನ ಹೆಣ ಕೂತಿದೆ. ಹಸಿರು ಸೀರೆ, ಹಣೆತುಂಬ ವಿಭೂತಿ, ಎದೆಮೇಲೆ ಹೂಮಾಲೆ. ತಲೆ ವಾಲದಂತೆ ಹಣೆಗೆ ಒಂದು ಬಿಳಿ ಬಟ್ಟೆ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟಿದ್ದಾರೆ. ನಮ್ಮಲ್ಲಿ ಸತ್ತವರನ್ನು ಹೀಗೇ ಕೂರಿಸುತ್ತೇವೆ. ನಮ್ಮ ಅಜ್ಜಿಯೂ ಹೀಗೇ ಕೂತಿದ್ದಳು, ಊರೆಲ್ಲ ಬಂದು ಕಾಲಿಗೆ ಬಿದ್ದು ಹೋಗಿತ್ತು. ಮಣ್ಣಿಗೆ ಒಯ್ಯುವ ಮೊದಲು ಸಲ್ಲುವ ಕೊನೆಯ ಮರ್ಯಾದೆ ಅದು.

ಚಿತ್ರದೊಳಗೆ ತಾಯಿ ಬಂದಳು. ಮಾತಿನ ಧಾಟಿ ಜೇವರ್ಗಿ ಕಡೆಯದು. ಮಗಳ ಕೊರಳಿನ ಹೂಮಾಲೆಯನ್ನು ಮೆಲ್ಲಗೆ ಬದಿಗೆ ಸರಿಸಿದಳು.

“ನೋಡ್ರಿ ಯಪ್ಪಾ, ನನ್ನ ಮಗಳ ಕುತ್ತಿಗಿ ನೋಡ್ರಿ. ಜ್ವರ ಬಂದು ಸತ್ತಾಳ ಅಂತ ಗಂಡನ ಮನಿಯವರು ಹೇಳಾಕತ್ತಾರ. ಜ್ವರ ಬಂದ್ರ ಹಿಂಗ ಆಕ್ಕೈತೇನ್ರಿ? ಹೆಣ ನಮ್ಮ ಮನಿಗಿ ತಂದು ಇಳಿಸಿ, ಸಂಜಿಮುಂದ ಮಣ್ಣ ಮಾಡ್ತೀವಿ ಅಂತ ಗಡಿಬಿಡಿ ಮಾಡಾಕತ್ತಾರ. ಪೊಲೀಸರಿಗೆ ಯಾರರ ತೋರಸ್ರಿ.”

ಕುತ್ತಿಗೆಯ ಸುತ್ತ ಕಪ್ಪುಗಟ್ಟಿದ ಗೆರೆ. ಆ ತಾಯಿಗೆ ಬೇಕಾದದ್ದು ಒಂದೇ: ಸಂಜೆಯೊಳಗೆ ನಾಲ್ಕು ಮಂದಿ ಇದನ್ನು ನೋಡಬೇಕು, ಮಣ್ಣು ಮಾಡುವುದು ನಿಲ್ಲಬೇಕು, ಹೆಣ ಆಸ್ಪತ್ರೆಗೆ ಹೋಗಿ ಪರೀಕ್ಷೆಯಾಗಬೇಕು.

ಇಂಥದ್ದಕ್ಕೆ ನಮ್ಮ ನಿಯಮದಲ್ಲೇ ದಾರಿಯಿದೆ. ಮನೆಯವರೇ ಅನ್ಯಾಯ ತೋರಿಸಲು ಹಾಕಿದ್ದರೆ ತೆಗೆಯಬೇಕಿಲ್ಲ. ಮೇಲೆ ಎಚ್ಚರಿಕೆಯ ಪರದೆ ಹಾಕಿ, ದೊಡ್ಡವರಿಗಷ್ಟೇ ಕಾಣುವಂತೆ ಉಳಿಸಬಹುದು. ನಾನು ಹಾಗೇ ಬದಲಿಸಿದೆ: ತೀವ್ರತೆ ಮಧ್ಯಮ, ಕ್ರಮ, ಪರದೆ ಹಾಕಿ ಉಳಿಸಿ. ಅಪರಾಧದ ಶಂಕೆಯಿದೆ, ಕಾನೂನು ವಿಭಾಗ ತುರ್ತಾಗಿ ನೋಡಲಿ ಎಂದೂ ಗುರುತು ಹಾಕಿದೆ.

ತಪಾಸಣೆಯವರ ಉತ್ತರ ಬೇಗನೆ ಬಂತು. ಓದಿ ಪಿತ್ತ ನೆತ್ತಿಗೇರಿತು. “ದೇಹವನ್ನು ಕಟ್ಟಿಹಾಕಿ ಪ್ರದರ್ಶನಕ್ಕೆ ಇಡಲಾಗಿದೆ. ಕುತ್ತಿಗೆಯ ಗುರುತು ಕಟ್ಟಿದ ಬಟ್ಟೆಯದು ಎಂದು ಕಾಣುತ್ತದೆ. ವರ್ಗ: ಮೃತದೇಹದ ಅವಮಾನ. ತೀವ್ರತೆ: ಅತಿ ಹೆಚ್ಚು. ಕ್ರಮ: ತೆಗೆದುಹಾಕಿ, ಪ್ರತಿಗಳನ್ನೂ ತಡೆಯಿರಿ.”

ಮಗಳ ತಲೆ ಬಾಗದಿರಲಿ ಎಂದು ಕಟ್ಟಿದ ಬಟ್ಟೆಯನ್ನು ಇವರು ಹಗ್ಗ ಮಾಡಿಬಿಟ್ಟರು. ಕೊರಳು ಹಿಸುಕಿದವರ ತಪ್ಪನ್ನು ತಾಯಿಯ ತಲೆಗೆ ಕಟ್ಟಿದರು.

ನಮ್ಮ ತಂಡ ನೋಡಿಕೊಳ್ಳುವ ಹುಡುಗ ಅಫಜಲಪುರದವನು, ಒಳ್ಳೆಯವನೇ. ಅವನನ್ನು ಕರೆದು ತೋರಿಸಿದೆ.

“ತಮ್ಮಾ, ಬಟ್ಟಿ ಹಣಿಗಿ ಕಟ್ಯಾರ, ಕುತ್ತಿಗಿಗಲ್ಲ. ನಿನಗ ಕಾಣಂಗಿಲ್ಲೇನು?”

“ಕಾಣ್ತೈತ್ರಿ ಅಕ್ಕಾರ. ನಮ್ಮಪ್ಪನ್ನೂ ಹಿಂಗೇ ಕೂಡ್ಸಿದ್ವಿ.”

“ಮತ್ತ ಬರಿ ಅವರಿಗೆ.”

ಅವನು ಬರೆದ. ಪ್ರಾದೇಶಿಕ ಪದ್ಧತಿಗೆ ನಿಯಮದಲ್ಲಿ ವಿನಾಯಿತಿ ಇಲ್ಲ, ಅಸಮಾಧಾನವಿದ್ದರೆ ಬಳಕೆದಾರರು ಮೇಲ್ಮನವಿ ಹಾಕಲಿ ಎಂದು ಉತ್ತರ ಬಂತು.

“ಇಲ್ಲೀದು ಗೊತ್ತಿದ್ದೋರು ಬೇಕಂತ ನಮ್ಮನ್ನ ತೊಗೊಂಡಾರ್ರಿ,” ಎಂದ ಅವನು, “ಗೊತ್ತಿದ್ದದ್ದು ಹೇಳಿದ್ರ ಬ್ಯಾಡ ಅಂತಾರ.”

“ಪೊಲೀಸರಿಗೆ ಫೋನ್ ಮಾಡೂಣ?”

“ಯಾವೂರಂತ ಹೇಳ್ತೀರ್ರಿ? ಹೆಸರು, ಊರು ನಮಗ ತೋರ್ಸಂಗಿಲ್ಲ. ಅವೆಲ್ಲ ಕಾನೂನು ವಿಭಾಗದವರ ಹಂತ್ಯಾಕ ಅದಾವ. ನೀವು ಗುರುತು ಹಾಕೀರಲ್ರಿ, ಅವರು ನೋಡ್ತಾರ.”

ಅವರು ಯಾವಾಗ ನೋಡಿದರೋ, ನೋಡಿದರೋ ಇಲ್ಲವೋ, ನಮಗೆ ತಿಳಿಸುವ ಪದ್ಧತಿಯಿಲ್ಲ. ಅದೇ ವಿಡಿಯೋವನ್ನು ಯಾರೋ, ನೆಂಟರೇ ಇರಬೇಕು, ಮತ್ತೆ ಹಾಕಿದರಂತೆ. ಒಮ್ಮೆ ತಡೆದದ್ದರ ಗುರುತು ಯಂತ್ರದ ಬಳಿ ಇರುತ್ತದೆ, ಪ್ರತಿ ಬಂದ ಕೂಡಲೇ ತಾನೇ ಅಳಿಸುತ್ತದೆ. ತಾಯಿಯ ಮೇಲ್ಮನವಿಯೂ ಬಂತಂತೆ. ಮೊದಲು ನೋಡಿದವರಿಗೆ ಮೇಲ್ಮನವಿ ಕೊಡುವುದಿಲ್ಲ, ಅದು ಬೇರೆಯವರ ಸಾಲಿಗೆ ಹೋಯಿತು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ನಾನು ಬೇರೆ ವಿಡಿಯೋಗಳನ್ನು ನೋಡುತ್ತ, ಈಗ ಹೆಣ ಎತ್ತಿರಬೇಕು, ಈಗ ಮಣ್ಣು ಹಾಕುತ್ತಿರಬೇಕು ಎಂದುಕೊಂಡೆ. ಕಿಣ್ಣಿ ಸುಲ್ತಾನ ಊರಿನ ನಮ್ಮ ಮನೆಗೆ ಹೋದ ಮೇಲೂ ತುತ್ತು ಇಳಿಯಲಿಲ್ಲ. ಯಾಕೆಂದು ಗಂಡ ಕೇಳಿದರು. ಹೇಳುವಂತಿರಲಿಲ್ಲ, ಸುಮ್ಮನೆ ಅವರ ಮೇಲೆ ರೇಗಿದೆ.

ಮುಂದಿನ ವಾರ ಮೇಲ್ಮನವಿ ಗೆದ್ದಿತು. ನೋಡಿದವರು ಯಾರೋ ತಿಳಿದವರಿರಬೇಕು, ನಾನು ಕೊಟ್ಟ ತೀರ್ಪನ್ನೇ ಕೊಟ್ಟಿದ್ದರು: ಪರದೆ ಹಾಕಿ ಮರಳಿಸಿ. ತಂಡದ ಹುಡುಗ ಓಡಿಬಂದು, “ಅಕ್ಕಾರ, ನೀವೇ ಖರೇ ಆದ್ರಿ” ಎಂದ. ಆದರೆ ಮರಳಿಸಲು ಹೋದರೆ ಅಲ್ಲಿ ವಿಡಿಯೋ ಇರಲಿಲ್ಲ. ಬಳಕೆದಾರರೇ ಅಳಿಸಿದ್ದಾರೆ ಎಂದಿತ್ತು.

ಎಚ್ಚರಿಕೆ ಬಿದ್ದ ಖಾತೆಯ ಹೊಸ ವಿಡಿಯೋಗಳನ್ನು ಕೆಲವು ದಿನ ನಮ್ಮ ಕಣ್ಣಿಗೆ ಹಾಕುತ್ತಾರೆ. ಹಾಗೆ ಅದೇ ಮಧ್ಯಾಹ್ನ ಆ ತಾಯಿಯ ಇನ್ನೊಂದು ವಿಡಿಯೋ ನನಗೇ ಬಂತು. ಅದೇ ಪಡಸಾಲೆ, ಅದೇ ಕುರ್ಚಿ. ಈಗ ಅದರಲ್ಲಿ ಅವಳೇ ಕೂತಿದ್ದಳು, ತೊಡೆಯ ಮೇಲೆ ಒಂದು ಕೂಸು. ಗೋಡೆಯ ಗೂಟ ಬರಿದಾಗಿತ್ತು. ಕ್ಯಾಮೆರಾದ ಹಿಂದೆ ಇದ್ದ ಯಾರನ್ನೋ ನೋಡಿ, ಆಮೇಲೆ ಮಾತಾಡಿದಳು.

“ನನ್ನ ಮಗಳು ಜ್ವರ ಬಂದು ಸತ್ತಾಳ್ರಿ. ಸಂಕಟದಾಗ ಏನೇನೋ ಮಾತಾಡಿದ್ನಿ. ಯಾರ ಮ್ಯಾಲೂ ನಂದೇನು ತಕರಾರಿಲ್ರಿ. ಆಕಿ ಕೂಸು ನನ್ನ ಹಂತ್ಯಾಕ ಇರ್ಲಿ ಅಂತ ಗಂಡನ ಮನಿಯವರು ಬಿಟ್ಟಾರ.”

ಯಂತ್ರದ ಮೂರು ಸಾಲು ಮೂಡಿದವು. ವರ್ಗ, ಯಾವುದೂ ಇಲ್ಲ. ತೀವ್ರತೆ, ಇಲ್ಲ. ಕ್ರಮ, ಹಾಗೇ ಬಿಡಿ.

ವರ್ಗಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದೆ. ಹೆದರಿಸಿ ಹೇಳಿಸಿದ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಕಾನೂನು ವಿಭಾಗಕ್ಕೆ ಮತ್ತೆ ಗುರುತು ಹಾಕಿದೆ. ಒಪ್ಪಿಗೆಯ ಗುಂಡಿ ಒತ್ತಲು ಮಾತ್ರ ಕೈ ಬರಲಿಲ್ಲ. ಅಳು ಬಂತು, ಸಿಟ್ಟೂ ಬಂತು. ಕೈ ಕಟ್ಟಿಕೊಂಡು ಕೂತೆ. ಕೊಟ್ಟ ಸಮಯದೊಳಗೆ ನಾವು ಏನೂ ಹೇಳದಿದ್ದರೆ ಯಂತ್ರ ಹೇಳಿದ್ದೇ ಉಳಿಯುತ್ತದೆ. ಸಮಯ ಮುಗಿಯಿತು, ತಾಯಿಯ ಮುಖ ಹೋಗಿ ಬೇರೆ ವಿಡಿಯೋ ಬಂತು.