ಒಂದು ಗೇಣಿನ ಮಾತು

ಗೇಣು ಮೇಸ್ತ್ರಿ ಹಾಲ್ ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆಯ, ಅಂದರೆ ಲಿಂಟಲ್ಲಿನ, ತುದಿಗೆ ಅಂಗೈ ಅಗಲಿಸಿಟ್ಟು, “ನೋಡಿ ಟೀಚರಮ್ಮ, ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು” ಎನ್ನುವಷ್ಟರಲ್ಲಿ ಅವರ ಕಿರುಬೆರಳಿನ ಕೆಳಗಿದ್ದ ಭಾಗ ಹಪ್ಪಳದಂತೆ ಎದ್ದು, ಟೀಚರಮ್ಮನ ಟೀ ಲೋಟಕ್ಕೆ ಬಿತ್ತು.

ಟೀಚರಮ್ಮ ಲೋಟವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ನಿವೃತ್ತಿಯ ನಂತರ ಕಟ್ಟಿಸುತ್ತಿದ್ದ ಮೊದಲ ಮನೆ. ಕಾಂಕ್ರೀಟಿನಂತೆ ಕಾಣುತ್ತಿದ್ದುದು ಇಟ್ಟಿಗೆಯ ಮೇಲೆ ಬಳಿದ ಸಿಮೆಂಟ್ ಗಾರೆ. ನಿಜವಾದ ಲಿಂಟಲ್ ಗೋಡೆಯ ಮೇಲೆ ಕೂತಿದ್ದುದು ಮೂರೇ ಇಂಚು. ಇನ್ನೊಂದು ತುದಿಯನ್ನು ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟಿದರು. ಅಲ್ಲಿಯೂ ಅದೇ ಮೇಕಪ್ಪು.

ಮೂವತ್ತು ವರ್ಷಗಳಿಂದ ಮೇಸ್ತ್ರಿಗೆ ಗೇಣು ಎಂಬ ಹೆಸರು. ಯಾವ ಬಾಗಿಲಾಗಲಿ, ಕಿಟಕಿಯಾಗಲಿ, ಅದರ ಲಿಂಟಲ್ ಎರಡು ಕಡೆಯೂ ಗೋಡೆಯೊಳಗೆ ಗೇಣುದ್ದ ಕೂರಬೇಕು, ಅದೇ ಬೇರಿಂಗು. ಆರಿಂಚು ಸಾಕೆಂದು ಇಂಜಿನಿಯರುಗಳು ಹೇಳಿದಾಗ ಇವರು ತಲೆಯಾಡಿಸಿ ಒಂಬತ್ತಿಂಚೇ ಇಡುತ್ತಿದ್ದರು. ಬೇರಿಂಗ್ ಇಲ್ಲದ ಲಿಂಟಲ್ಲು ಎಲ್ಲಿಯೂ ಬೇರೂರದು ಎಂಬುದು ಅವರ ಒಟ್ಟು ತತ್ವಶಾಸ್ತ್ರ.

ಈ ಗೋಡೆ ಕಟ್ಟಿದವನು ಅವರ ಬಾಮೈದ. ಹೆಂಡತಿಯ ಒಬ್ಬನೇ ತಮ್ಮ. ತಾನೇ ನಿಂತು ಮಾಡಿಸಿದ ಮೊದಲ ಕೆಲಸ. ಅಕ್ಕನ ಆಜ್ಞೆ ಒಂದೇ ಇತ್ತು: ಆ ಹುಡುಗನ ಮುಖಕ್ಕೆ ಜನರೆದುರು ಮಸಿ ಬಳಿಯಬೇಡಿ. ಆ ಹುಡುಗನಿಗೆ ಮೂವತ್ತೆಂಟು.

ಕರೆಸಿ ವಿಚಾರಿಸಿದಾಗ ಆತ ನೆಲ ನೋಡುತ್ತ ವಿಷಯ ಬಿಡಿಸಿದ. ನಾಲ್ಕಡಿ ಕಿಟಕಿಗೆಂದು ಐದೂವರೆ ಅಡಿಯ ಲಿಂಟಲ್ಲನ್ನು ನೆಲದ ಮೇಲೇ ಹಾಕಿ ಒಣಗಿಸಿಟ್ಟಿದ್ದನಂತೆ. ಅಷ್ಟರಲ್ಲಿ ಟೀಚರಮ್ಮ ಬಂದು, ಬೆಳಕು ಚೆನ್ನಾಗಿ ಬರಲಿ, ಕಿಟಕಿ ಇನ್ನೊಂದಡಿ ಅಗಲವಾಗಲಿ ಎಂದರಂತೆ. ಕಿಟಕಿ ಬೆಳೆಯಿತು, ಲಿಂಟಲ್ ಬೆಳೆಯಲಿಲ್ಲ. ಭಾವ ಬಂದು ಗೇಣು ಹಾಕುವುದು ಗೊತ್ತಿದ್ದುದರಿಂದ ಆತ ಗೇಣಿಗೆ ಬೇಕಾದಷ್ಟು ಬಣ್ಣ ಕಟ್ಟಿದ್ದ. ಟೀಚರಮ್ಮ ಕೆಮ್ಮಿ, ಟೀ ಆರಿತು ಎಂದರು.

“ಮೂರಿಂಚಲ್ಲಿ ಎಷ್ಟೋ ಮನೆ ನಿಂತಿವೆ ಭಾವ.”

“ನಿಲ್ಲೋದು ಬೇರೆ, ಹೊರೋದು ಬೇರೆ. ಮೂರಿಂಚು ಅಗಲದ ಹಲಗೆ ಮೇಲೆ ನೀನು ಕೂತ್ಕೊ. ನಿನ್ನ ತೊಡೆ ಮೇಲೆ ನಿನ್ನ ಅಕ್ಕನ್ನ ಕೂರಿಸ್ಕೊ. ಆಮೇಲೆ ಮಾತಾಡೋಣ.”

ಬಾಮೈದ ಅಕ್ಕನ ಗಾತ್ರವನ್ನು ನೆನೆದು ತೊಡೆ ಸವರಿಕೊಂಡ.

ಟೀಚರಮ್ಮನಿಗೆ ಮೇಸ್ತ್ರಿ ನಿಧಾನವಾಗಿ ಬಿಡಿಸಿ ಹೇಳಿದರು. ಕಿಟಕಿಯ ಮೇಲೆ ಗೋಡೆ ಎತ್ತರವಾಗಿದ್ದರೆ ಇಟ್ಟಿಗೆಗಳು ಒಂದಕ್ಕೊಂದು ಆತು ಭಾರವನ್ನು ಪಕ್ಕಕ್ಕೆ ದಾಟಿಸುತ್ತವೆ. ಲಿಂಟಲ್ ಮೇಲೆ ಕೂರುವುದು ತ್ರಿಕೋನದಷ್ಟು ಗೋಡೆ ಮಾತ್ರ. ಇಲ್ಲಿ ಎರಡೇ ಅಡಿಯ ಮೇಲೆ ತಾರಸಿ ಬರುತ್ತದೆ, ಆ ಭಾರವೂ ಇದರ ತಲೆಗೇ. ತುದಿಯಲ್ಲಿ ಜಾಗ ಸಾಲದಿದ್ದರೆ ಅಡಿಯ ಇಟ್ಟಿಗೆ ಪುಡಿಯಾಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ನಾಲ್ಕಡಿಗೆಂದು ಆರಿಂಚು ದಪ್ಪ ಹಾಕಿದ್ದು, ಐದಡಿಗೆ ತಾರಸಿ ಹೊರಿಸುವುದಾದರೆ ಒಂಬತ್ತಿಂಚಾದರೂ ಬೇಕು.

ಮರುದಿನ ತಾರಸಿಯ ಕಾಂಕ್ರೀಟು ಹೊರುವ ಹಲಗೆ, ಕಂಬಗಳ ಸೆಂಟ್ರಿಂಗ್ ಸಾಮಾನು ಬರುವುದಿತ್ತು. ಗಾರೆ ಮತ್ತೆ ಬಳಿದರೆ ಯಾರಿಗೂ ತಿಳಿಯದು, ಟೀಚರಮ್ಮನ ಹೊರತು. ಒಡೆದರೆ ಕೆಲಸದವರೆಲ್ಲರಿಗೂ ತಿಳಿಯುತ್ತದೆ, ಅದಕ್ಕಿಂತ ಮುಂಚೆ ಹೆಂಡತಿಗೆ. ಮೇಸ್ತ್ರಿ ಮುಂಡಾಸು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡರು. ನಂತರ ಸೆಂಟ್ರಿಂಗಿನವನಿಗೆ ಫೋನು ಮಾಡಿ ಸದ್ಯಕ್ಕೆ ಬರಬೇಡ ಎಂದರು.

ಬಾಮೈದನ ಕೈಗೇ ಸುತ್ತಿಗೆ ಕೊಟ್ಟರು. ಮೇಲಿನ ಎರಡಡಿ ಗೋಡೆ ಕೆಳಗಿಳಿಯಿತು, ಲಿಂಟಲ್ಲೂ ಇಳಿಯಿತು. ಕಿಟಕಿಗೆ ಹಲಗೆ, ಊರೆಗೋಲು ಕೊಟ್ಟು, ಅಲ್ಲಿಯೇ ಆರೂವರೆ ಅಡಿ ಉದ್ದ, ಒಂಬತ್ತಿಂಚು ದಪ್ಪದ ಹೊಸ ಲಿಂಟಲ್ ಹಾಕಿದರು. ದಪ್ಪ ಕಂಬಿ ಅಡಿಗೇ ಇರಲಿ, ಮೇಲಕ್ಕಲ್ಲ ಎಂದು ಮೇಸ್ತ್ರಿ ಮೂರು ಸಲ ಬಗ್ಗಿ ನೋಡಿದರು. ಊರೆಗೋಲು ತೆಗೆಯುವುದಕ್ಕೆ ಎರಡು ವಾರ. ಅಷ್ಟು ದಿನವೂ ಬಾಮೈದನೇ ಅದಕ್ಕೆ ಗೋಣಿತಟ್ಟು ಹೊದಿಸಿ ನೀರು ಹಾಕಿದ. ಮನೆಯಲ್ಲಿ ಅಕ್ಕ ಎರಡು ವಾರವೂ ಗಂಡನೊಡನೆ ಮಾತಾಡಲಿಲ್ಲ. ತಟ್ಟೆಯನ್ನು ಮಾತ್ರ ಸದ್ದು ಮಾಡಿ ಇಡುತ್ತಿದ್ದರು.

ಊರೆಗೋಲು ತೆಗೆದ ದಿನ ಲಿಂಟಲ್ ಕೂದಲೆಳೆಯಷ್ಟೂ ಬಾಗಲಿಲ್ಲ. ಟೀಚರಮ್ಮನ ಕಣ್ಣು ತುಂಬಿ ಬಂತು. ಇಂಥ ನಿಯತ್ತಿನವರು ಈಗ ಎಲ್ಲಿದ್ದಾರೆ ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ಮೇಸ್ತ್ರಿ, ಹೆಂಡತಿಯ ತಮ್ಮ. ಜನರ ಮುಂದೆ ಅವನ ಕೈಯಲ್ಲೇ ಒಡೆಸಿದ್ರಿ. ಸಂಬಂಧ ಕೆಡುತ್ತೆ ಅಂತ ಗೊತ್ತಿದ್ದೂ ಅಷ್ಟು ಧೈರ್ಯ ಹೇಗೆ ಬಂತು ನಿಮಗೆ?”

ಮೇಸ್ತ್ರಿ ಲಿಂಟಲ್ಲನ್ನೇ ನೋಡುತ್ತ ಹೇಳಿದರು.

“ಎರಡು ವರ್ಷದಿಂದ ನಮ್ಮನೇಲೇ ಇದ್ದಾನೆ ಟೀಚರಮ್ಮ. ಸಿಟ್ಟು ಮಾಡ್ಕೊಂಡಾದ್ರೂ ಹೋಗ್ತಾನೇನೋ ಅಂದ್ಕೊಂಡೆ. ಹೋಗಲಿಲ್ಲ.”