ನೀಲಿ ಕೊಡೆ ಮತ್ತು ಹುಟ್ಟುಹಬ್ಬದ ನಾಲ್ಕು ಸಾಲು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳಿಗೆ ಗುಂಡಿಯಕ್ಕ ಎಂದೇ ಹೆಸರು. ಅಂಗಿಗಳ ಗುಂಡಿ ಹಚ್ಚಲು ಯಂತ್ರ ಬಂದು ಎಷ್ಟೋ ವರ್ಷವಾಗಿತ್ತು. ದಪ್ಪ ಕೋಟುಗಳ ಗುಂಡಿ ಮಾತ್ರ ಇನ್ನೂ ಕೈಯಲ್ಲೇ ಆಗಬೇಕು, ಅದೂ ಅವಳ ಕೈಯಲ್ಲೇ ಆಗಬೇಕು. ಗುಂಡಿಗೂ ಬಟ್ಟೆಗೂ ನಡುವೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿಯುತ್ತಿದ್ದಳು. ಕೊನೆಗೆ ಕಡ್ಡಿ ಎಳೆದು, ಸಡಿಲಾಗಿ ಉಳಿದ ದಾರಕ್ಕೆ ಅದೇ ದಾರವನ್ನು ನಾಲ್ಕು ಸುತ್ತು ಸುತ್ತಿ ಗಂಟು ಹಾಕುತ್ತಿದ್ದಳು. ಬಿಗಿಯಾಗಿ ಹಚ್ಚಿದ ಗುಂಡಿ ನೋಡಲು ಚೆಂದ, ಆದರೆ ಒಂದು ದಿನ ಬಟ್ಟೆಯನ್ನೂ ಕಿತ್ತುಕೊಂಡೇ ಬರುತ್ತದೆ ಎಂದು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದಳು.

ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಿವಿ ಮಾತ್ರ ಬಲು ಚುರುಕು. ಒಮ್ಮೆ ಕೇಳಿದ್ದು ಮರೆತದ್ದಿಲ್ಲ.

ಅವಳ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುವವಳು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಇಬ್ಬರದೂ ಅಕ್ಕ ತಂಗಿಯ ಸಲಿಗೆ. ಈ ಇಸ್ತ್ರಿಯವಳಿಗೆ ಕತೆ ಬರೆಯುವ ಹುಚ್ಚು. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷಕ್ಕೆ ಡಬ್ಬಿ ಖಾಲಿ ಮಾಡಿ, ಉಳಿದ ಇಪ್ಪತ್ತು ನಿಮಿಷ ಗೆರೆ ಹಾಕಿದ ನೋಟುಪುಸ್ತಕ ತೆಗೆದು ಬರೆದದ್ದನ್ನು ಓದುತ್ತಿದ್ದಳು. ಗುಂಡಿಯಕ್ಕ ಕಿಟಕಿಯ ಪಕ್ಕ ಕೂತು ಕೇಳುತ್ತಿದ್ದಳು. ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುತ್ತಿರಲಿಲ್ಲ. ಓದು ನಿಂತಾಗ ಒಂದೇ ಮಾತು: "ಆಮೇಲೆ?"

ಮೂರು ವಾರದ ಹಿಂದೆ ಆ ಓದು ನಿಂತುಹೋಯಿತು. ಪತ್ರಿಕೆಯವರು ಅವಳ ಕತೆಯನ್ನು ಮೂರನೇ ಸಲ ವಾಪಸ್ ಕಳಿಸಿದ್ದರು. ಜೊತೆಗೆ ಅಚ್ಚು ಹಾಕಿದ ಒಂದು ಚೀಟಿ. ಪುಸ್ತಕ ಎಸೆದುಬಿಟ್ಟೆ ಅಂದಳು. "ಇಸ್ತ್ರಿ ಪೆಟ್ಟಿಗೆ ಹಿಡಿಯೋ ಕೈಗೆ ಪೆನ್ನು ಯಾಕಕ್ಕ, ಬಿಟ್ಹಾಕು" ಎಂದು ನಕ್ಕಳು. ಆ ನಗು ಗುಂಡಿಯಕ್ಕನಿಗೆ ಹಿಡಿಸಲಿಲ್ಲ. ಅಂದಿನಿಂದ ಇಸ್ತ್ರಿಯವಳು ಡಬ್ಬಿ ಊಟವನ್ನು ಪೂರಾ ಅರ್ಧ ಗಂಟೆ ಉಣ್ಣತೊಡಗಿದಳು.

ಓದಿದ ಕೊನೆಯ ಕತೆ ಅರ್ಧಕ್ಕೇ ನಿಂತಿತ್ತು. ಹನ್ನೊಂದು ವರ್ಷ ಮಾತು ಬಿಟ್ಟ ಅಕ್ಕನ ಮನೆ ಬಾಗಿಲಿಗೆ ಒಬ್ಬ ಹೆಂಗಸು ಬಂದಿದ್ದಾಳೆ. ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈ ಬಾಗಿಲು ತಟ್ಟಲು ಎತ್ತಿದ್ದಾಳೆ. ಅಷ್ಟೇ.

ಶುಕ್ರವಾರ ಇಸ್ತ್ರಿಯವಳ ಹುಟ್ಟುಹಬ್ಬ. ಕಾರ್ಖಾನೆಯಲ್ಲಿ ಯಾರ ಹುಟ್ಟುಹಬ್ಬವಾದರೂ ಎಲ್ಲರೂ ಸೇರಿ ಒಂದು ಕಾರ್ಡು ತರುವುದು ರೂಢಿ. ಪಕ್ಕದ ಮೇಜಿನವರು ನಡುವೆ ನಾಲ್ಕು ಸಾಲು ಬರೆಯಬೇಕು, ಉಳಿದವರು ಸುತ್ತ ಸಹಿ ಹಾಕಬೇಕು. ಆಮೇಲೆ ಊಟದ ಹೊತ್ತಿನಲ್ಲಿ ಹುಟ್ಟುಹಬ್ಬದವರೇ ಎಲ್ಲರೆದುರು ಅದನ್ನು ಓದಬೇಕು. ಬುಧವಾರ ಕಾರ್ಡು ಗುಂಡಿಯಕ್ಕನ ಕೈಗೆ ಬಂತು. ಗುಂಡಿ ಡಬ್ಬದ ತಳದಲ್ಲಿ ಬಚ್ಚಿಟ್ಟಳು.

ಕಟಿಂಗ್ ಮಾಸ್ಟರ್ ತಾನಾಗಿಯೇ ಬಂದು ಸಲಹೆ ಕೊಟ್ಟ. ದೊಡ್ಡ ಲೇಖಕಿಯಾಗು, ಪ್ರಶಸ್ತಿ ಬರಲಿ, ಆಗ ನಮ್ಮನ್ನು ಮರೀಬೇಡ ಅಂತ ಬರೆಯಬೇಕಂತೆ. ಮನೆಯಲ್ಲಿ ಮೊಮ್ಮಗಳು ಫೋನಿನಲ್ಲಿ ಇಷ್ಟುದ್ದದ ಶುಭಾಶಯ ಹುಡುಕಿ ತೋರಿಸಿದಳು. ತುಂಬ ನಕ್ಷತ್ರಗಳಿದ್ದವು.

"ಇದರಲ್ಲಿ ಅವಳೆಲ್ಲಿದಾಳೆ?" ಎಂದು ಅಜ್ಜಿ ಕೇಳಿದಳು.

"ಯಾರಿಗೆ ಬೇಕಾದ್ರೂ ಕಳಿಸಬಹುದು ಅಜ್ಜಿ, ಅದಕ್ಕೇ ಚೆನ್ನಾಗಿರೋದು."

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ, ಗುಂಡಿಯಕ್ಕ ಮಾಸ್ಟರನ ಮಾತನ್ನೇ ಮೊದಲು ಬರೆದಳು. ಬರೆದು ಜೋರಾಗಿ ಓದಿದಳು. ತನ್ನ ಕಿವಿಯಿಂದಲ್ಲ, ಇಸ್ತ್ರಿಯವಳ ಕಿವಿಯಿಂದ ಕೇಳಿಸಿಕೊಂಡಳು. ಮೊನ್ನೆ ತಾನೇ ಚೀಟಿ ಬಂದವಳಿಗೆ ಪ್ರಶಸ್ತಿ ಬರಲಿ ಅಂದರೆ ಹಾರೈಕೆಯಾಗದು, ಚುಚ್ಚಿದ ಹಾಗೆ ಆದೀತು. ಹೊಡೆದುಹಾಕಿದಳು. ಬಿಡಬೇಡ, ಪ್ರಯತ್ನಪಡು ಎಂದು ಬರೆದಳು. ಅದು ಫೇಲಾದ ಮಗುವಿಗೆ ಮೇಷ್ಟ್ರು ಹೇಳಿದಂತಿತ್ತು. ಅದೂ ಹೋಯಿತು. ಬರೆಯುವ ಸುದ್ದಿಯೇ ಬೇಡ, ನೂರು ವರ್ಷ ಬಾಳು ಅಂದರೆ ಸಾಕು ಅನ್ನಿಸಿತು. ಆದರೆ ಅವಳ ಆಸೆ ಇಷ್ಟು ವರ್ಷ ಪಕ್ಕದಲ್ಲೇ ಕೂತಿರುವಾಗ ಅದನ್ನು ಕಾಣದ ಹಾಗೆ ನಟಿಸುವುದು ಹೇಗೆ? ಪತ್ರಿಕೆಯ ಮಾತೂ ಬರಬಾರದು, ಎಲ್ಲರೆದುರು ಓದುವ ಕಾರ್ಡು.

ಪೆನ್ನು ಕೆಳಗಿಟ್ಟಳು. ನನಗೆ ಬರೆಯಲು ಬಾರದು, ಕೇಳಲು ಬರುತ್ತದೆ, ಹಾಗಾದರೆ ಕೇಳಿದ್ದನ್ನೇ ಬರೆಯೋಣ ಅಂದುಕೊಂಡಳು. ಬಾಗಿಲಲ್ಲಿ ನಿಂತ ಆ ಹೆಂಗಸು ಕಣ್ಣಿಗೆ ಕಟ್ಟಿದಂತೆ ಇದ್ದಳು. ಅವಳ ಬಗ್ಗೆಯೇ ಎರಡು ಸಾಲು ಬರೆದು, ಮುಂದೇನಾಯಿತು ಬೇಗ ಹೇಳು ಎಂದು ಮುಗಿಸಿದಳು. ಮತ್ತೆ ಜೋರಾಗಿ ಓದಿದಳು. "ಬೇಗ ಹೇಳು" ಅನ್ನುವುದು ಬಿಗಿಯಾಯಿತು. ಕಡ್ಡಿ ಇಡುವುದನ್ನೇ ಮರೆತೆನಲ್ಲ ಎಂದು ತನಗೆ ತಾನೇ ನಕ್ಕು ಆ ಮಾತನ್ನು ಬಿಚ್ಚಿದಳು.

ಕಾರ್ಡಿನ ಸುತ್ತ ಸಹಿಗಳಿಗೆ ಎರಡೆರಡು ಬೆರಳು ಜಾಗ ಬಿಟ್ಟು, ದುಂಡು ಅಕ್ಷರದಲ್ಲಿ ನಿಧಾನವಾಗಿ ಇಳಿಸಿದಳು:

"ಹುಟ್ಟುಹಬ್ಬದ ಶುಭಾಶಯ, ತಂಗಿ. ನೀಲಿ ಕೊಡೆ ಹಿಡಿದು ಅಕ್ಕನ ಬಾಗಿಲಲ್ಲಿ ನಿಂತವಳು ಗುಂಡಿ ಹಚ್ಚುವಾಗೆಲ್ಲ ನನಗೆ ನೆನಪಾಗುತ್ತಾಳೆ. ಬಾಗಿಲು ತಟ್ಟಿದಳೋ ಇಲ್ಲವೋ ನಿನಗೊಬ್ಬಳಿಗೇ ಗೊತ್ತು. ಅವಸರವಿಲ್ಲ, ಊಟದ ಹೊತ್ತಿಗೆ ನಾನು ಕಿಟಕಿ ಪಕ್ಕದಲ್ಲೇ ಇರುತ್ತೇನೆ."

ಗುರುವಾರ ಕಾರ್ಡು ಸಹಿಗಾಗಿ ಮೇಜಿಂದ ಮೇಜಿಗೆ ಹೋಯಿತು. ಮಾಸ್ಟರ್ ಓದಿ ಮೂಗು ಮುರಿದ. ಕೊಡೆ ಕತೆ ಯಾಕೆ, ಇದು ಹುಟ್ಟುಹಬ್ಬದ ಕಾರ್ಡೋ ಕಳೆದುಹೋದ ಸಾಮಾನಿನ ಜಾಹೀರಾತೋ ಅಂದ. ಆದರೂ ಎಲ್ಲರಿಗಿಂತ ದೊಡ್ಡ ಸಹಿ ಅವನದೇ.

ಶುಕ್ರವಾರ ಊಟದ ಹೊತ್ತಿಗೆ ಇಸ್ತ್ರಿಯವಳು ಕಾರ್ಡು ಬಿಡಿಸಿ ಓದತೊಡಗಿದಳು. ಎರಡನೇ ಸಾಲಿಗೆ ದನಿ ತಗ್ಗಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು. ಎಲ್ಲರಿಗೂ ಕೈಮುಗಿದು, ಕಾರ್ಡು ಮಡಚಿ ಡಬ್ಬಿಯ ಪಕ್ಕ ಇಟ್ಟಳು. ಮಿಕ್ಕವರು ಚದುರಿದರು. ಗುಂಡಿಯಕ್ಕ ಆ ಕಾರ್ಡಿನ ಕಡೆಗೇ ನೋಡುತ್ತಿದ್ದಳು. ಎಲ್ಲಾದರೂ ನೋಯಿಸಿಬಿಟ್ಟೆನೇ?

ಇಸ್ತ್ರಿಯವಳು ಡಬ್ಬಿಯ ಮುಚ್ಚಳ ತೆಗೆಯುತ್ತ ತಲೆ ಎತ್ತದೆಯೇ ಅಂದಳು, "ಕೊಡೆ ನೀಲಿ ಅಲ್ಲಕ್ಕ. ಕಪ್ಪು."

"ನೀಲಿನೇ. ಒಂದು ಕಡ್ಡಿ ಬೇರೆ ಮುರಿದಿತ್ತು."

"ಕಡ್ಡಿ ಮುರಿದಿದ್ದು ಸರಿ. ಬಣ್ಣ ಕಪ್ಪು. ಬರೆದೋಳು ನಾನು."

"ಕೇಳಿದೋಳು ನಾನು. ನನ್ನ ಕಿವಿ ಯಾವತ್ತಾದ್ರೂ ತಪ್ಪಿದ್ದುಂಟಾ?"

ಇಸ್ತ್ರಿಯವಳಿಗೆ ರೇಗಿತು. ದಡಕ್ಕನೆ ಎದ್ದು, ಇಸ್ತ್ರಿ ಮೇಜಿನ ಕೆಳಗೆ ಮಡಚಿಟ್ಟ ಬಟ್ಟೆಗಳ ಅಡಿಗೆ ಕೈ ಹಾಕಿ ನೋಟುಪುಸ್ತಕ ಎಳೆದಳು. ಎಸೆದುಬಿಟ್ಟೆ ಅಂದಿದ್ದ ಅದೇ ಪುಸ್ತಕ. ಗುಂಡಿಯಕ್ಕ ನೋಡಿಯೂ ನೋಡದವಳಂತೆ ಸೂಜಿಗೆ ದಾರ ಪೋಣಿಸಿದಳು.

ಇಸ್ತ್ರಿಯವಳು ಪುಟ ತಿರುವಿದಳು, ಬೆರಳಿಟ್ಟು ಸಾಲು ಹಿಡಿದು ಓದಿದಳು. ಮತ್ತೆ ಮೊದಲಿಂದ ಓದಿದಳು. ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

"ಅಕ್ಕ, ಇಲ್ಲಿ ಬಣ್ಣಾನೇ ಬರೆದಿಲ್ಲ ನಾನು. ಕಡ್ಡಿ ಮುರಿದ ಕೊಡೆ ಅಂತಷ್ಟೇ ಇದೆ."

"ಮತ್ತೆ ನಂಗೆ ನೀಲಿ ಹೆಂಗೆ ಕಾಣ್ತು?"

ಇಸ್ತ್ರಿಯವಳು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಪುಟದ ಮೇಲೆ ಅಂಗೈ ಇಟ್ಟು, ಬಟ್ಟೆಯ ಬಿಸಿ ನೋಡುವವಳಂತೆ ಬಹಳ ಹೊತ್ತು ಹಾಗೇ ಇಟ್ಟುಕೊಂಡಳು. ಮುಖ ಮಾತ್ರ ಮೂರು ವಾರದಲ್ಲಿ ಮೊದಲ ಸಲ ಹಗುರವಾಗಿತ್ತು.

"ಬಣ್ಣ ಸೇರಿಸಲ್ಲ. ಹಂಗೇ ಇರ್ಲಿ" ಎಂದು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದಳು. ಒಂದು ಸಾಲು ಬರೆದು ಗಂಟಲು ಸರಿಮಾಡಿಕೊಂಡಳು. "ಮೂರು ಸಲ ತಟ್ಟಿದಳು. ಒಳಗಿಂದ ಹೆಜ್ಜೆ ಸಪ್ಪಳ ಕೇಳಿಸಿತು."

ಗುಂಡಿಯಕ್ಕ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡು, ಗುಂಡಿಯ ಕೆಳಗೆ ಬೆಂಕಿಕಡ್ಡಿ ಇಟ್ಟಳು.

"ಆಮೇಲೆ?"