ಬಾಯಿ ಖಾಲಿ ಮಾಡಿಸಿದ ಮೇಲೆ

ತಿಂಗಳಿಗೊಮ್ಮೆ ನಾನು ಹುಣಸೂರಿನ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳನ್ನು ನೋಡುತ್ತಿದ್ದೆ. ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಬಾಯಿ, ನಾಲಿಗೆ, ಕೈಕಾಲು ತಾವಾಗಿಯೇ ಆಡತೊಡಗುತ್ತವೆ. ಅದನ್ನು ಹುಡುಕಲೆಂದೇ ಒಂದು ಸಲ ಹೊಸ ಹಾಳೆ ಅಚ್ಚು ಹಾಕಿಸಿದ್ದೆ. ಮುಖದಿಂದ ಕಾಲಿನವರೆಗೆ ಒಂದೊಂದು ಭಾಗದ ಚಲನೆಗೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಅದನ್ನು ಬಳಸಿ ನೋಡುವ ಆತುರಕ್ಕೆ ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ!

ಹನಗೋಡಿನ ಹೆಂಗಸೊಬ್ಬರು ಓರಗಿತ್ತಿಯ ಜೊತೆ ಬಂದರು. ಮಾತ್ರೆ ಎಂದೂ ತಪ್ಪಿಸಿದವರಲ್ಲ. ಬಾಯಿ ತುಂಬ ಎಲೆಅಡಿಕೆ. ಬಾಯಲ್ಲಿ ಏನಿದ್ದರೂ ಮೊದಲು ತೆಗೆಸಬೇಕು ಎಂದು ಹಾಳೆ ಹೇಳುತ್ತಿತ್ತು.

"ಉಗಿದು, ಬಾಯಿ ಮುಕ್ಕಳಿಸಿ ಬನ್ನಿ ತಾಯಿ" ಎಂದೆ.

ಬಂದು ಮಂಡಿಯ ಮೇಲೆ ಕೈಯಿಟ್ಟು ಕೂತರು. ಬಾಯಿ ಖಾಲಿ, ದವಡೆ ಮಾತ್ರ ಮೆಲ್ಲುತ್ತಲೇ ಇತ್ತು! ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಬೇಗಬೇಗ ತಾಕಿಸಲು ಹೇಳಿದೆ. ಮೆಲ್ಲುವುದು ಇನ್ನೂ ಜೋರಾಯಿತು. ಸಿಕ್ಕಿತು ಎಂದು ಕುರ್ಚಿಯಿಂದ ಎದ್ದೇಬಿಟ್ಟೆ.

"ಇವ್ಳಿಗೆ ಎಲಡ್ಕೆ ಚಟ ಡಾಕ್ಟ್ರೇ" ಎಂದರು ಓರಗಿತ್ತಿ.

"ನಂಗೆ ಎಲಡ್ಕೆ ಸೇರಾದೇ ಇಲ್ಲ ಕಣಕ್ಕ" ಎಂದರು ಆಕೆ. "ಬಾಯಿ ಸುಮ್ಕೆ ಇರಾಕಿಲ್ಲ. ಜನ ನೋಡಿ ನಗ್ತಾರೆ ಅಂತ ಆಕ್ಕೊತೀನಿ."

ಓರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅಂಕ, ತಾರೀಖು, ಮಾತ್ರೆಯ ಪ್ರಮಾಣ ಬರೆದೆ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸೀತೆಂದು ತಿಳಿಸಿ, ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದೆ.

ಮೂರು ತಿಂಗಳಿಗೆ ಮತ್ತೆ ಅದೇ ಪರೀಕ್ಷೆ. ದವಡೆ ಇನ್ನೂ ಕೊಂಚ ಆಡುತ್ತಿತ್ತು. ಅಭ್ಯಾಸಬಲದಿಂದ ನಾನು ಮುಕ್ಕಳಿಸಲು ನೀರು ತೋರಿಸಿದೆ.

"ಬ್ಯಾಡ ಬುಡಿ ಡಾಕ್ಟ್ರೇ" ಎಂದರು, ತಲೆಯೆತ್ತಿ. "ಬಸ್ಸಲ್ಲೂ ಬರಿಬಾಯಲ್ಲೇ ಬಂದಿವ್ನಿ."